ಮಸಿಕುಡಿಕೆಯ ವಯಸ್ಸು ತಿಳಿಯುವ ಬಗೆ

ಬೆಂಗಳೂರಿನ ಸಂಡೆ ಬಜಾರಿನಲ್ಲಿ ಹಳೆಯ ಮಸಿಕುಡಿಕೆಯೊಂದನ್ನು ಕೈಗೆತ್ತಿಕೊಂಡರೆ ವ್ಯಾಪಾರಿ ಮೊದಲು ಹೇಳುವುದು ಬೆಲೆಯನ್ನಲ್ಲ, ವಯಸ್ಸನ್ನು. ‘ಬ್ರಿಟಿಷರ ಟೈಮಿಂದು ಸಾರ್, ನೂರೈವತ್ತು ವರ್ಷ ಆಗಿದೆ.’ ಅವನೇನೂ ಬೇಕೆಂದು ಸುಳ್ಳು ಹೇಳುತ್ತಿರುವುದಿಲ್ಲ. ತನಗೆ ಮಾರಿದವನು ಹೇಳಿದ್ದನ್ನು ನಮಗೆ ದಾಟಿಸುತ್ತಾನೆ, ಅಷ್ಟೆ. ಆದರೆ ನಮ್ಮ ಕೈಲಿರುವ ವಸ್ತುವಿನಲ್ಲೇ ಸಾಕಷ್ಟು ಸಾಕ್ಷಿ ಇದೆ. ಒಂದು ಭೂತಗನ್ನಡಿ, ಒಂದು ಪುಟ್ಟ ಅಯಸ್ಕಾಂತ, ಓರೆಯಾಗಿ ಬೆಳಕು ಬಿಡಲು ಒಂದು ಟಾರ್ಚು ಇದ್ದರೆ ಅದನ್ನು ಅಲ್ಲೇ ನಿಂತು ವಿಚಾರಿಸಬಹುದು.

ವಿಚಾರಣೆಗೆ ಒಂದೇ ನಿಯಮ. ಯಾವ ವಸ್ತುವೂ ತನ್ನ ಅತಿ ಕಿರಿಯ ಭಾಗಕ್ಕಿಂತ ಮೊದಲು ಈಗಿನ ರೂಪಕ್ಕೆ ಬಂದಿರಲಾರದು. ಉತ್ಖನನ ಮಾಡುವವರು ಮಣ್ಣಿನ ಪದರದಲ್ಲಿ ಸಿಕ್ಕ ಅತ್ಯಂತ ಹೊಸ ನಾಣ್ಯವನ್ನು ಹಿಡಿದು ಆ ಪದರದ ಕಾಲ ಹೇಳುವುದು ಇದೇ ತರ್ಕದ ಮೇಲೆ. ಈ ನಿಯಮದಿಂದ ಹೊರಡುವ ಎರಡನೆಯ ಮಾತನ್ನು ಮಾತ್ರ ಬಹಳ ಸಂಗ್ರಾಹಕರು ಮರೆಯುತ್ತಾರೆ: ಒಂದು ಗುರುತು ಸಾಮಾನ್ಯವಾಗಿ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತದೆ, ‘ಇದೇ ವರ್ಷದ್ದು’ ಎಂದು ಹೇಳುವುದಿಲ್ಲ.

ಒಂದು ವಸ್ತುವನ್ನೇ ಹಿಡಿದು ನೋಡೋಣ. ಅಂಗೈಯಲ್ಲಿ ಅಡಗುವಷ್ಟು ಸಣ್ಣದಾದ, ಚೌಕಾಕಾರದ ಹಿತ್ತಾಳೆಯ ಪ್ರಯಾಣದ ಮಸಿಕುಡಿಕೆ. ಮುಚ್ಚಳಕ್ಕೆ ಸ್ಪ್ರಿಂಗ್, ಅದರ ಒಳಮೈಗೆ ಚರ್ಮದ ಬಿಲ್ಲೆ, ಒಳಗೆ ಪುಟ್ಟ ಗಾಜಿನ ಕುಪ್ಪಿ. ಕುದುರೆಯ ಮೇಲೋ ಗಾಡಿಯಲ್ಲೋ ಊರೂರು ತಿರುಗುವ ಅಧಿಕಾರಿಯ ಚೀಲದಲ್ಲಿ ಮಸಿ ಚೆಲ್ಲಬಾರದೆಂದು ಮಾಡಿದ್ದು. ಮುಚ್ಚಳದ ಮೇಲೆ ವಜ್ರಾಕೃತಿಯ ಸಣ್ಣ ಮುದ್ರೆ ಇದೆ. ನೆತ್ತಿಯ ಮೇಲೊಂದು ವೃತ್ತ, ಅದರೊಳಗೆ ರೋಮನ್ ಒಂದು. ವಜ್ರದ ನಡುವೆ ‘ಆರ್‌ಡಿ’ ಎಂಬೆರಡು ಅಕ್ಷರ. ನಾಲ್ಕು ಮೂಲೆಗಳಲ್ಲಿ ಮೇಲೆ 12, ಬಲಕ್ಕೆ ‘ಎಚ್’, ಕೆಳಗೆ ‘ಎಂ’, ಎಡಕ್ಕೆ 7.

ಇದು ಬ್ರಿಟನ್ನಿನ ವಿನ್ಯಾಸ ನೋಂದಣಿಯ ಗುರುತು. 1842ರಿಂದ 1883ರವರೆಗೆ ಅಲ್ಲಿ ತಯಾರಕರು ತಮ್ಮ ವಸ್ತುವಿನ ಆಕಾರವನ್ನು ಮತ್ತೊಬ್ಬರು ನಕಲು ಮಾಡದಂತೆ ಸರ್ಕಾರದಲ್ಲಿ ನೋಂದಾಯಿಸಿ ಈ ಮುದ್ರೆ ಒತ್ತುತ್ತಿದ್ದರು. ವೃತ್ತದೊಳಗಿನ ರೋಮನ್ ಅಂಕಿ ವಸ್ತುವಿನ ವರ್ಗ: ಒಂದು ಎಂದರೆ ಲೋಹ, ಮೂರು ಎಂದರೆ ಗಾಜು, ನಾಲ್ಕು ಎಂದರೆ ಮಣ್ಣಿನ ಪಾತ್ರೆ ಮತ್ತು ಪಿಂಗಾಣಿ. ಮೂಲೆಗಳಲ್ಲಿ ನೋಂದಣಿಯ ದಿನ, ತಿಂಗಳು, ವರ್ಷ ಮತ್ತು ಕಟ್ಟಿನ ಸಂಖ್ಯೆ. ವರ್ಷಗಳಿಗೆ ಅಕ್ಷರಗಳನ್ನು ಕೊಟ್ಟಿದ್ದರು, ಅದೂ ಬೇಕೆಂದೇ ಅನುಕ್ರಮ ತಪ್ಪಿಸಿ. ಇಪ್ಪತ್ತಾರು ಅಕ್ಷರಗಳೂ 1867ಕ್ಕೆ ಮುಗಿದುಹೋದವು. ಆಗ ಮತ್ತೆ ಅವೇ ಅಕ್ಷರಗಳನ್ನು ಮೊದಲಿನಿಂದ ಎತ್ತಿಕೊಂಡು, ಗೊಂದಲವಾಗದಿರಲೆಂದು ಮೂಲೆಗಳನ್ನು ಅದಲುಬದಲು ಮಾಡಿದರು. 1867ರವರೆಗೆ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ.

ಹಾಗಾಗಿ ‘ಎಚ್’ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೇಲಿನ ಮೂಲೆಯಲ್ಲಿದ್ದಿದ್ದರೆ ಅದು 1843. ನಮ್ಮ ಕುಡಿಕೆಯಲ್ಲಿ ಬಲಕ್ಕಿದೆ, ಆದ್ದರಿಂದ 1869. ಕೆಳಗಿನ ‘ಎಂ’ ಜೂನ್ ತಿಂಗಳು, ಮೇಲಿನ 12 ದಿನ. ಅಂದರೆ ಈ ಆಕಾರ ನೋಂದಣಿಯಾದದ್ದು 1869ರ ಜೂನ್ 12ರಂದು, ಆ ದಿನದ ಏಳನೆಯ ಕಟ್ಟಿನಲ್ಲಿ. ಮೂಲೆ ತಪ್ಪಿ ಓದಿದರೆ ಇಪ್ಪತ್ತಾರು ವರ್ಷ ತಪ್ಪುತ್ತದೆ. ಈ ತಪ್ಪು ತುಂಬ ಸಾಮಾನ್ಯ, ಅದು ಯಾವಾಗಲೂ ಮಾರುವವನ ಲಾಭದ ಕಡೆಗೇ ವಾಲುವುದು ಕಾಕತಾಳೀಯವೆಂದು ನಾನು ನಂಬುವುದಿಲ್ಲ.

ಆದರೆ 1869 ವಿನ್ಯಾಸದ ವರ್ಷ. ಚೆನ್ನಾಗಿ ಮಾರಾಟವಾಗುವ ಮಾದರಿಯನ್ನು ಕಾರ್ಖಾನೆ ವರ್ಷಗಟ್ಟಲೆ ತಯಾರಿಸುತ್ತದೆ, ಅಚ್ಚನ್ನು ಬದಲಾಯಿಸುವುದಿಲ್ಲ. ಇದಕ್ಕೊಂದು ಮೇಲ್ಮಿತಿ ಸಿಗುವುದು ಇನ್ನೊಂದು ಕಡೆಯಿಂದ. 1884ರಲ್ಲಿ ವಜ್ರದ ಪದ್ಧತಿ ನಿಂತು ಒಂದರಿಂದ ಶುರುವಾಗುವ ಸರಳ ನೋಂದಣಿ ಸಂಖ್ಯೆಗಳು ಬಂದವು. 1890ರ ಆರಂಭಕ್ಕೆ ಆ ಸಂಖ್ಯೆ ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು, 1900ಕ್ಕೆ ಮೂರೂವರೆ ಲಕ್ಷ. ಜೊತೆಗೆ, ಬ್ರಿಟನ್ನಿನಲ್ಲಿ 1887ರಲ್ಲೂ ಭಾರತದಲ್ಲಿ 1889ರಲ್ಲೂ ಸರಕಿನ ಗುರುತುಗಳ ಕಾಯ್ದೆಗಳು ಬಂದವು. ಅಮೆರಿಕವು 1891ರಿಂದ ಆಮದು ವಸ್ತುವಿನ ಮೇಲೆ ದೇಶದ ಹೆಸರು ಇರಲೇಬೇಕೆಂದಿತು. ಅಲ್ಲಿಂದಾಚೆಗೆ ವಸ್ತುಗಳ ತಳದಲ್ಲಿ ‘ಇಂಗ್ಲೆಂಡ್’, ‘ಜರ್ಮನಿ’ ಎಂಬ ಒಂಟಿ ಪದಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ತಿ ಮಾತು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ನಮ್ಮ ಕುಡಿಕೆಯ ಮೇಲೆ ದೇಶದ ಹೆಸರಿಲ್ಲ. ಹೆಸರಿದ್ದರೆ ಅದು ಬಲವಾದ ಸಾಕ್ಷಿ, ಇಲ್ಲದಿರುವುದು ದುರ್ಬಲ ಸಾಕ್ಷಿ. ಆದರೂ ವಜ್ರದ ಜೊತೆ ಸೇರಿಸಿ ನೋಡಿದಾಗ ಹಿತ್ತಾಳೆಯ ಕವಚ 1869 ಮತ್ತು 1880ರ ದಶಕದ ನಡುವಿನದೆಂದು ಹೇಳಲು ಧೈರ್ಯ ಬರುತ್ತದೆ.

ಹಾಗೆಂದು ಅಲ್ಲಿಗೇ ನಿಲ್ಲುವಂತಿಲ್ಲ, ಮುದ್ರೆಯೇ ನಕಲಾಗಿರಬಹುದು. ಹಳೆಯ ವಸ್ತುವನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದು ಹೊಸ ಹಿತ್ತಾಳೆ ಎರಕ ಹೊಯ್ದಾಗ ವಜ್ರವೂ ಅದರ ಜೊತೆ ನಕಲಾಗುತ್ತದೆ. ಆದರೆ ಎರಕದಲ್ಲಿ ಅಕ್ಷರಗಳ ಅಂಚು ಉರುಟಾಗಿ, ಮೂಲೆಗಳ ಅಂಕಿ ಕಲಸಿಹೋಗಿರುತ್ತದೆ. ಉಕ್ಕಿನ ಮುದ್ರೆಯಿಂದ ಒತ್ತಿದ ಅಕ್ಷರ ಭೂತಗನ್ನಡಿಯಲ್ಲಿ ಚೂಪಾಗಿ ಕಾಣುತ್ತದೆ. ಮುಚ್ಚಳದ ಕೀಲಿನ ಸ್ಕ್ರೂಗಳನ್ನೂ ನೋಡಬೇಕು. ತಲೆಯಲ್ಲಿ ಒಂದೇ ಗೀರಿದ್ದರೆ ತೊಂದರೆಯಿಲ್ಲ, ಕೂಡುಚಿಹ್ನೆಯ ಗೀರಿದ್ದರೆ ಅದು ಫಿಲಿಪ್ಸ್ ಸ್ಕ್ರೂ, 1930ರ ದಶಕದ ನಡುಭಾಗಕ್ಕಿಂತ ಹಿಂದಿನದಲ್ಲ. ಸವೆತ ಎಲ್ಲಿದೆ ಎಂಬುದನ್ನೂ ಗಮನಿಸಿ. ಬೆರಳು ತಾಗುವ ಮುಚ್ಚಳದ ತುದಿ, ಮೇಜಿಗೆ ತಾಗುವ ತಳದ ಅಂಚು ಸವೆದಿರಬೇಕು. ಕೈಯೇ ಹೋಗದ ಸಂದಿಯೂ ಅಷ್ಟೇ ಸವೆದು ಕಂಡರೆ ಯಾರೋ ಉಜ್ಜಿ ಹಳತಾಗಿಸಿದ್ದಾರೆ ಎಂದರ್ಥ.

ಈಗ ಒಳಗಿನ ಗಾಜಿನ ಕುಪ್ಪಿ. ಅದನ್ನು ಮೆಲ್ಲಗೆ ಹೊರತೆಗೆದು ಬೆಳಕಿಗೆ ಹಿಡಿದು ತಿರುಗಿಸಿದರೆ ಬದಿಯಲ್ಲಿ ಕೂದಲೆಳೆಯಂಥ ಗೆರೆಯೊಂದು ಕಾಣುತ್ತದೆ. ಎರಡು ಹೋಳಿನ ಅಚ್ಚಿನಲ್ಲಿ ಗಾಜನ್ನು ಊದಿದಾಗ ಹೋಳುಗಳ ಸಂದಿ ಬಿಟ್ಟ ಗುರುತು ಅದು. ಆ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಬಾಯಿಯಿಂದ ಊದಿದ ಕುಪ್ಪಿಯಲ್ಲಿ ಗೆರೆ ಕತ್ತಿನವರೆಗೆ ಬಂದು ಮಾಯವಾಗುತ್ತದೆ, ಏಕೆಂದರೆ ಊದುಕೊಳವೆಯಿಂದ ಬಿಡಿಸಿದ ಮೇಲೆ ತುಟಿಯನ್ನು ಕೆಲಸಗಾರ ಬೇರೆಯಾಗಿ ಕಾಸಿ ರೂಪಿಸುತ್ತಿದ್ದ. ಇಂಗ್ಲೆಂಡಿನ ಅಗ್ಗದ ಮಸಿಬಾಟಲಿಗಳಲ್ಲಿ ಆ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕೊಳವೆಯಿಂದ ಮುರಿದು ಹಾಗೆಯೇ ಬಿಟ್ಟ ಒರಟು ಬಾಯಿಗೆ ಬಿರಡೆ ಹಾಕಿ ಮಾರುತ್ತಿದ್ದರು. ಅಂಥ ಒರಟು ಬಾಯಿ ದೋಷವಲ್ಲ, ಹಳತೆಂಬುದಕ್ಕೆ ಒಳ್ಳೆಯ ಗುರುತು. ಅಮೆರಿಕದ ಮೈಕೆಲ್ ಓವೆನ್ಸ್‌ನ ಸ್ವಯಂಚಾಲಿತ ಬಾಟಲಿ ಯಂತ್ರ 1903ರಲ್ಲಿ ಬಂತು. ಯಂತ್ರವು ತುಟಿಯನ್ನೂ ಅಚ್ಚಿನಲ್ಲೇ ಮಾಡುವುದರಿಂದ ಗೆರೆ ಬಾಯಿಯ ಅಂಚನ್ನೂ ಹತ್ತಿ ದಾಟುತ್ತದೆ.

ನಮ್ಮ ಕುಪ್ಪಿಯಲ್ಲಿ ಗೆರೆ ಬಾಯಿಯನ್ನು ದಾಟಿದೆ. ಅಂದರೆ ಕವಚ ಹತ್ತೊಂಬತ್ತನೆಯ ಶತಮಾನದ್ದು, ಕುಪ್ಪಿ ಇಪ್ಪತ್ತನೆಯ ಶತಮಾನದ್ದು. ಮೊದಲಿನದು ಒಡೆದಿರಬೇಕು, ಯಾರೋ ಅಳತೆಗೆ ಹೊಂದುವ ಇನ್ನೊಂದನ್ನು ತಂದು ಕೂರಿಸಿದ್ದಾರೆ. ಇದು ಮೋಸವಲ್ಲ, ಬಳಕೆಯ ಇತಿಹಾಸ. ಆದರೆ ‘1869ರ ಮಸಿಕುಡಿಕೆ’ ಎಂದು ಚೀಟಿ ಬರೆದರೆ ಅದು ಸುಳ್ಳಾಗುತ್ತದೆ. ‘1869ರ ವಿನ್ಯಾಸದ ಕವಚ, ನಂತರ ಬದಲಾಯಿಸಿದ ಕುಪ್ಪಿ’ ಎಂದು ಬರೆಯುವುದೇ ಸರಿ. ಬೆಲೆಯನ್ನೂ ಹಾಗೆಯೇ ಕಟ್ಟಬೇಕು.

ಗಾಜಿನ ಬಣ್ಣದ ಮಾತು ಬಂದಾಗ ಒಂದು ಎಚ್ಚರಿಕೆ. ಮರಳಿನಲ್ಲಿರುವ ಕಬ್ಬಿಣದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಕಳೆಯಲು ಹಿಂದೆ ಮ್ಯಾಂಗನೀಸ್ ಸೇರಿಸುತ್ತಿದ್ದರು. ಅಂಥ ಗಾಜು ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದರೆ ಅತಿನೇರಳೆ ಕಿರಣಗಳು ಮ್ಯಾಂಗನೀಸಿನ ಅಯಾನುಗಳಿಂದ ಎಲೆಕ್ಟ್ರಾನನ್ನು ಕಿತ್ತು, ಗಾಜು ತಿಳಿ ನೇರಳೆಗೆ ತಿರುಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸಿನ ಜಾಗಕ್ಕೆ ಸೆಲೆನಿಯಂ ಬರತೊಡಗಿತು. ಆದ್ದರಿಂದ ತಿಳಿ ನೇರಳೆಯ ಕುಪ್ಪಿ ಸುಮಾರು 1920ಕ್ಕಿಂತ ಹಳೆಯದಿರಬಹುದು. ಇದನ್ನು ತಿಳಿದವರು ಮ್ಯಾಂಗನೀಸ್ ಇರುವ ಸಾಧಾರಣ ಗಾಜನ್ನು ವಿಕಿರಣಕ್ಕೆ ಒಡ್ಡಿ ಕೆಲವೇ ಗಂಟೆಗಳಲ್ಲಿ ಗಾಢ ನೇರಳೆ ಮಾಡುತ್ತಾರೆ. ದ್ರಾಕ್ಷಿಯ ಬಣ್ಣದ ಮಸಿಬಾಟಲಿ ಕಂಡರೆ ನಾನಂತೂ ಕೆಳಗಿಟ್ಟು ಮುಂದೆ ಹೋಗುತ್ತೇನೆ.

ಕುಪ್ಪಿಯ ತಳದಲ್ಲಿ ಒಣಗಿ ಅಂಟಿರುವ ಮಸಿಯನ್ನು ದಯವಿಟ್ಟು ತೊಳೆಯಬೇಡಿ. ಹಳೆಯ ಮಸಿಗಳಲ್ಲಿ ಮುಖ್ಯವಾಗಿ ಎರಡು ಕುಲ. ನಮ್ಮ ಊರುಗಳಲ್ಲಿ ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಅರೆದು ಮಾಡುತ್ತಿದ್ದ ಮಸಿ ಶುದ್ಧ ಇಂಗಾಲ. ಅದು ಯಾವ ಲೋಹವನ್ನೂ ತಿನ್ನುವುದಿಲ್ಲ. ಇನ್ನೊಂದು ಕಬ್ಬಿಣದ ಮಸಿ. ಮಾಚಿಕಾಯಿ ಅಥವಾ ಅಣಲೆಕಾಯಿಯ ಒಗರಿನಲ್ಲಿರುವ ಟ್ಯಾನಿನ್ನಿಗೆ ಗ್ರಂದಿಗೆ ಅಂಗಡಿಯ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಸಲ್ಫೇಟನ್ನು, ಬೆರೆಸಿದಾಗ ಸಿಗುವುದು. ಬರೆದಾಗ ತೆಳುವಾಗಿದ್ದು, ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಬರೆಯುವಾಗಲೇ ಅಕ್ಷರ ಕಾಣಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸಿದ್ದೇ ನೀಲಿ-ಕಪ್ಪು ಮಸಿ. ಲಂಡನ್ನಿನಲ್ಲಿ ಹೆನ್ರಿ ಸ್ಟೀಫನ್ಸ್ 1832ರಲ್ಲಿ ಅದನ್ನು ಮಾರುಕಟ್ಟೆಗೆ ತಂದ. ನೇರಳೆ ಅಥವಾ ಕಡುಗುಲಾಬಿಯ ಕೃತಕ ಬಣ್ಣದ ಮಸಿ ಕಂಡರೆ ಅದು 1856ರ ಈಚಿನದು, ಏಕೆಂದರೆ ಕಲ್ಲಿದ್ದಲ ಡಾಂಬರಿನಿಂದ ಮೊದಲ ಕೃತಕ ಬಣ್ಣವನ್ನು ವಿಲಿಯಂ ಪರ್ಕಿನ್ ಪಡೆದದ್ದೇ ಆ ವರ್ಷ. ಕಬ್ಬಿಣದ ಮಸಿಯನ್ನು ಗುರುತಿಸಲು ಹಸ್ತಪ್ರತಿ ಸಂರಕ್ಷಕರು ಬಳಸುವ ಕಾಗದದ ಪಟ್ಟಿಯೊಂದಿದೆ. ಒದ್ದೆ ಮಾಡಿ ಒಣ ಮಸಿಗೆ ಒತ್ತಿದರೆ ಅದು ಕಡುಗುಲಾಬಿಗೆ ತಿರುಗುತ್ತದೆ. ಒಳಗಿನದನ್ನು ತೊಳೆದು ಹೊಳೆಯುವಂತೆ ಮಾಡಿದ ಕುಪ್ಪಿಯಿಂದ ಇದ್ಯಾವುದನ್ನೂ ಕೇಳಲಾಗುವುದಿಲ್ಲ.

ಈ ಕಬ್ಬಿಣದ ಮಸಿಯೇ ಉಕ್ಕಿನ ನಿಬ್ಬಿನ ಕಥೆಗೂ ಕಾರಣ. ಅದು ಆಮ್ಲೀಯ, ಹಕ್ಕಿಯ ಗರಿಗೆ ಏನೂ ಮಾಡದು, ಉಕ್ಕನ್ನು ತಿನ್ನುತ್ತದೆ. ಉಕ್ಕಿನ ನಿಬ್ಬು ಗರಿಯನ್ನು ಸೋಲಿಸಲು ಬಾಳಿಕೆಯಿಂದಲ್ಲ, ಎಸೆಯಬಹುದಾದಷ್ಟು ಅಗ್ಗವಾಗುವುದರಿಂದ ಮಾತ್ರ ಸಾಧ್ಯವಿತ್ತು. ಅದನ್ನು ಮಾಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರ. 1820ರ ದಶಕದಿಂದ ಜಾನ್ ಮಿಚೆಲ್, ಜೋಸೆಫ್ ಗಿಲಾಟ್, ಜೋಸೈಯಾ ಮೇಸನ್ ಮುಂತಾದವರು ಗುಂಡಿ, ಬಕಲ್ ಮಾಡುವ ಕೈಪ್ರೆಸ್ಸುಗಳನ್ನೇ ಹಿಡಿದು ನಿಬ್ಬು ಒತ್ತತೊಡಗಿದರು. ತೆಳು ಉಕ್ಕಿನ ಪಟ್ಟಿಯಿಂದ ಬಿಲ್ಲೆ ಕತ್ತರಿಸುವುದು, ತೂತು ಹಾಕುವುದು, ಹೆಸರು ಒತ್ತುವುದು, ಬಾಗಿಸುವುದು, ಕಾಸಿ ಗಟ್ಟಿಮಾಡುವುದು, ಮತ್ತೆ ಹದವಾಗಿ ಕಾಸುವುದು, ಸಾಣೆ, ಕೊನೆಗೆ ತುದಿಯ ಸೀಳು. ಪ್ರೆಸ್ಸುಗಳ ಮುಂದೆ ಕೂತವರು ಹೆಚ್ಚಾಗಿ ಹೆಂಗಸರು.

ಹೀಗೆ ಹೆಸರು ಒತ್ತುವ ರೂಢಿಯೇ ನಮಗೆ ವರದಾನ. ನಿಬ್ಬಿನ ಬೆನ್ನಿನ ಮೇಲೆ ‘ಪೆರಿ ಅಂಡ್ ಕಂಪನಿ’ಯ ಹೆಸರಿನ ಜೊತೆ ‘ಲಿಮಿಟೆಡ್’ ಇದ್ದರೆ ಅದು 1876ರ ಹಿಂದಿನದಲ್ಲ, ಆ ಸಂಸ್ಥೆ ಲಿಮಿಟೆಡ್ ಆದದ್ದೇ ಆ ವರ್ಷ. ‘ಎಸ್ಟರ್‌ಬ್ರುಕ್’ ಎಂದಿದ್ದರೆ ಅಮೆರಿಕದ ನ್ಯೂಜೆರ್ಸಿಯದು, 1858ರ ಈಚಿನದು. ಹೆಸರು ಸವೆದುಹೋಗಿದ್ದರೆ ಮೈಬಣ್ಣ ನೋಡಿ. ಹಳದಿ, ಕಂದು, ನೀಲಿ ಛಾಯೆಗಳು ಬಳಿದ ಬಣ್ಣವಲ್ಲ. ಉಕ್ಕನ್ನು ಹದವಾಗಿ ಕಾಸುವಾಗ ಮೇಲೆ ಕೂರುವ ಆಕ್ಸೈಡಿನ ಅತಿ ತೆಳು ಪೊರೆಯಲ್ಲಿ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಮೂಡಿಸುವ ಬಣ್ಣ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಇದು ಎಲ್ಲ ಕಾಲದಲ್ಲೂ ಇತ್ತು, ಹಾಗಾಗಿ ವಯಸ್ಸು ಹೇಳದು. ಬೆಳ್ಳಗೆ ಹೊಳೆಯುವ ಲೇಪ ಹೇಳುತ್ತದೆ. ಕೊಂಚ ಹಳದಿ ಬೆರೆತ ಬಿಳುಪಾದರೆ ನಿಕ್ಕಲ್, ಅದು ಹತ್ತೊಂಬತ್ತನೆಯ ಶತಮಾನದಲ್ಲೂ ಇತ್ತು. ನೀಲಿ ಬೆರೆತ ತಣ್ಣನೆಯ ಬಿಳುಪಾದರೆ ಕ್ರೋಮಿಯಂ, ಅದು 1920ರ ದಶಕದ ನಡುಭಾಗಕ್ಕಿಂತ ಮೊದಲು ಕಾರ್ಖಾನೆಗಳಿಗೆ ಬಂದಿರಲಿಲ್ಲ.

ನಿಬ್ಬನ್ನು ಸಿಕ್ಕಿಸುವ ಹಿಡಿಯ ವಯಸ್ಸು ಬೇರೆಯೇ ಇರುತ್ತದೆ. ಒಂದು ಹಿಡಿಗೆ ನೂರು ನಿಬ್ಬು ಬಂದು ಹೋಗಿರಬಹುದು, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಮರದ ಹಿಡಿ ಯಾವ ಕಾಲದ್ದೂ ಆಗಬಹುದು. ಬೇಕಲೈಟಿನದಾದರೆ 1907ರ ಈಚಿನದು, ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಬಿಸಿ ಮಾಡಿ ಮೂಸಿದರೆ ಕಾರ್ಬಾಲಿಕ್ ವಾಸನೆ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಕಾಸಿದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಸ್ಲೇಟಿನ ವಿಚಾರಣೆ ಇವೆರಡಕ್ಕಿಂತ ಕಷ್ಟ. ವೇಲ್ಸ್‌ನ ಪೆನ್ರಿನ್ ಗಣಿಯ ಕಲ್ಲಿಗೆ ಸುಮಾರು ಐವತ್ತು ಕೋಟಿ ವರ್ಷ. ಕೆಸರು ಒತ್ತಡಕ್ಕೆ ಸಿಕ್ಕಿ ಅದರೊಳಗಿನ ಅಭ್ರಕದ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರಿಂದ ಅದು ಉಳಿ ಇಟ್ಟು ತಟ್ಟಿದರೆ ಹಾಳೆಹಾಳೆಯಾಗಿ ಸೀಳುತ್ತದೆ. ಆ ಗುಣ ಶಾಲೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಮದ್ರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿ ಅದನ್ನು ತನ್ನ ಶಾಲೆಗೆ ತಂದ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪ್ರಕಟಿಸಿದ. ಅದೇ ಕಾಲದ ಜೋಸೆಫ್ ಲ್ಯಾಂಕಾಸ್ಟರ್ ಕಾಗದ ಉಳಿಸಲು ಬಡಮಕ್ಕಳ ಕೈಗೆ ಸ್ಲೇಟು ಕೊಟ್ಟ. ನಮ್ಮಲ್ಲಿ ಅಳಿಸಿ ಬರೆಯುವ ಸಾಧನ ಮೊದಲೇ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಚಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದಿವೆ. ಈಚಿನ ತಲೆಮಾರುಗಳಿಗೆ ಪರಿಚಿತವಾದ ಕಲ್ಲಿನ ಪಾಟಿ ಹೆಚ್ಚಾಗಿ ಆಂಧ್ರದ ಮಾರ್ಕಾಪುರದ್ದು.

ಸ್ಲೇಟು ನಿಜವಾಗಿ ಕಲ್ಲೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಅಯಸ್ಕಾಂತ ಅಂಟಿಕೊಂಡರೆ ಬಣ್ಣ ಬಳಿದ ತಗಡು. ಕಲ್ಲಾದರೆ ತೂಕ ತೋರಿಸಬೇಕು: 25 ಸೆಂಟಿಮೀಟರ್ ಉದ್ದ, 18 ಅಗಲ, 3 ಮಿಲಿಮೀಟರ್ ದಪ್ಪದ ಕಲ್ಲು ಚೌಕಟ್ಟಿಲ್ಲದೆಯೇ ಸುಮಾರು 360 ಗ್ರಾಂ ತೂಗುತ್ತದೆ. ಕಲ್ಲು ವಯಸ್ಸು ಹೇಳದ್ದರಿಂದ ಚೌಕಟ್ಟನ್ನು ಕೇಳಬೇಕು. ಮೂಲೆಗಳನ್ನು ಮರದ ಗೂಟದಿಂದ ಬಿಗಿದಿದ್ದಾರೋ ಮೊಳೆಯಿಂದಲೋ ನೋಡಿ. ಮೊಳೆಯ ಕಾಲು ಚೌಕವಾಗಿದ್ದರೆ ತಗಡಿನಿಂದ ಕತ್ತರಿಸಿದ ಹಳೆಯ ಬಗೆ, ದುಂಡಗಿದ್ದರೆ ತಂತಿಯಿಂದ ಮಾಡಿದ್ದು. ತಂತಿಯ ಮೊಳೆ ಅಗ್ಗವಾಗಿ ಎಲ್ಲೆಡೆ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಚೌಕಟ್ಟಿನ ಮರದಲ್ಲಿ ಬಿಲ್ಲಿನಂತೆ ಬಾಗಿದ ಗರಗಸದ ಗೀರುಗಳಿದ್ದರೆ ಅದನ್ನು ಕೊಯ್ದದ್ದು ಯಂತ್ರದ ದುಂಡು ಗರಗಸ.

ಭಾರತದ ಸ್ಲೇಟು ಮತ್ತು ಮಸಿಬಾಟಲಿಗಳಿಗೆ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಅಂಟಿಸಿದ ಕಾಗದದ ಚೀಟಿ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾಪೈಸೆ ಎಂದಿದ್ದರೆ ಅಲ್ಲಿಂದ 1964ರೊಳಗಿನದು, ಆ ವರ್ಷ ‘ನಯಾ’ ಪದವನ್ನೇ ಕೈಬಿಟ್ಟರು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಧಾರವಾಡದ ಅಂಗಡಿಯ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1956ರ ನವೆಂಬರ್ ಮತ್ತು 1973ರ ನವೆಂಬರ್ ನಡುವಿನದು. ‘ಹಾರ್ಸ್ ಬ್ರ್ಯಾಂಡ್’ ಮಸಿಪುಡಿಯ ಡಬ್ಬಿ ಸಿಕ್ಕರೆ ಅದು ಮುಂಬಯಿಯ ದಾಂಡೇಕರ್ ಕಂಪನಿಯದು, 1931ರ ಈಚಿನದು. ಅದೇ ಮುಂದೆ ಕ್ಯಾಮ್ಲಿನ್ ಆಯಿತು. ಕಲ್ಕತ್ತೆಯ ‘ಸುಲೇಖಾ’ ಆದರೆ 1934ರ ಈಚಿನದು.

ಸವೆತವನ್ನು ನೋಡಲು ಟಾರ್ಚನ್ನು ಸ್ಲೇಟಿಗೆ ಬಹುತೇಕ ಸಮಾನಾಂತರವಾಗಿ ಹಿಡಿಯಿರಿ. ಬಳಪದ ಕಲ್ಲು ಖನಿಜಗಳಲ್ಲೇ ಅತಿ ಮೆದುವಾದ ಟಾಲ್ಕಿನಿಂದಾದದ್ದು, ಸ್ಲೇಟನ್ನು ಗೀರುವುದಿಲ್ಲ. ಗಟ್ಟಿಯಾದ ಸ್ಲೇಟು ಕಡ್ಡಿ ಗೀರುತ್ತದೆ. ವರ್ಷಗಟ್ಟಲೆ ಮಗುವಿನ ಕೈಗೆ ಸಿಕ್ಕ ಸ್ಲೇಟಿನಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಬಾಗಿ ಬಳುಕಿ ಹರಡಿರುತ್ತವೆ, ನಡುಭಾಗ ನುಣುಪಾಗಿ, ಚೌಕಟ್ಟಿನ ಪಕ್ಕದ ಅಂಚು ಒರಟಾಗಿ ಉಳಿದಿರುತ್ತದೆ. ಗೀರುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಹೋಗಿದ್ದರೆ ಅದು ಮರಳುಕಾಗದದ ಕೆಲಸ. ಸ್ಲೇಟು ಕಡ್ಡಿಯ ಇನ್ನೊಂದು ಗುರುತು ಸಂಗ್ರಾಹಕರ ಕಪಾಟಿನಲ್ಲಿ ಕಾಣುವುದಿಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಆ ಕಡ್ಡಿಗಳನ್ನು ಯಂತ್ರದಲ್ಲಿ ಕೊಯ್ಯುತ್ತಿದ್ದ ಕೆಲಸಗಾರರಲ್ಲಿ ಅನೇಕರು ಸಿಲಿಕಾ ಧೂಳಿನಿಂದ ಶ್ವಾಸಕೋಶ ಕೆಟ್ಟು, ಸಿಲಿಕೋಸಿಸ್‌ನಿಂದ ಚಿಕ್ಕ ವಯಸ್ಸಿನಲ್ಲೇ ಸತ್ತರು.

ಇಂಥ ವಸ್ತು ನಿಮ್ಮ ಮನೆಯ ಅಟ್ಟದಲ್ಲೇ ಸಿಕ್ಕರೆ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಬೇಡಿ, ಚೌಕಟ್ಟಿಗೆ ವಾರ್ನಿಷ್ ಹಚ್ಚಬೇಡಿ, ಚೀಟಿ ಕೀಳಬೇಡಿ. ಮನೆಯ ಹಿರಿಯರನ್ನು ಕೇಳಿ, ಯಾರು ಬಳಸಿದ್ದು, ಯಾವ ಊರಿನ ಶಾಲೆ ಅಥವಾ ಕಚೇರಿಯದು, ಸುಮಾರು ಯಾವ ವರ್ಷ ಎಂದು ಒಂದು ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ವಸ್ತುವಿನ ಜೊತೆಗೇ ಇಡಿ.